ಒಂದು ಬುಲೆಟ್ ಪಾಯಿಂಟು, ಮೂರು ಪುಟ

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. "ಎಂತ ಮಾರಾಯ, ಬರೆಯುವುದೇ ಬಿಟ್ಟೆಯಾ?" ಅಂತ ಗೆಳೆಯರಿಬ್ಬರು ಮೇಲ್ ಮಾಡಿ ಕೇಳಿದ್ದರು. ಬಿಟ್ಟಿಲ್ಲ. ನಾನು ಈಚೆಗೆ ಅತಿ ಹೆಚ್ಚು ತಿದ್ದಿ ತೀಡಿ ಬರೆದದ್ದು ಮೂರು ಪುಟ, ಅದೂ ಕನ್ನಡದಲ್ಲೇ. ಆದರೆ ಅದು ಕವನವಲ್ಲ, ಲಹರಿಯಲ್ಲ. ಒಂದು ಸಹಕಾರಿ ಸಂಘದ ನಿರ್ದೇಶಕರ ಸಭೆಗೆ ಬರೆದ ಟಿಪ್ಪಣಿ. ಓದಿದವರು ಒಂಬತ್ತೇ ಜನ. ಈ ಬ್ಲಾಗಿಗೆ ಬರುವವರಿಗಿಂತ ಒಂದಿಬ್ಬರು ಜಾಸ್ತಿಯೇ ಇರಬೇಕು :-)

ಅದರ ಕಥೆ ಹೇಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಮಣಿಪಾಲದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಸಹಕಾರಿ ಸಂಘಗಳಿಗೆ ಠೇವಣಿ, ಸಾಲ, ಪಿಗ್ಮಿ ಲೆಕ್ಕ ಇಡುವ ತಂತ್ರಾಂಶ ಮಾಡಿಕೊಡುವುದು ಕೆಲಸ. ನಮ್ಮ ಗಿರಾಕಿಗಳಲ್ಲಿ ಒಂದು ಸಂಘಕ್ಕೆ ಉಡುಪಿಯಲ್ಲಿ ಪ್ರಧಾನ ಕಚೇರಿ, ಕಾಪು ಮತ್ತು ಕಾರ್ಕಳದಲ್ಲಿ ಶಾಖೆ. ಮೊದಲು ಒಂದೊಂದು ಶಾಖೆಯಲ್ಲೂ ಅದರದ್ದೇ ಕಂಪ್ಯೂಟರು, ಅದರದ್ದೇ ಲೆಕ್ಕ. ರಾತ್ರಿ ಎಲ್ಲವೂ ಉಡುಪಿಗೆ ಬಂದು ಸೇರುತ್ತಿತ್ತು. ಕಾರ್ಕಳದ ಸದಸ್ಯರು ಉಡುಪಿಯಲ್ಲಿ ಹಣ ತೆಗೆಯುವ ಹಾಗಿರಲಿಲ್ಲ. ಅದಕ್ಕೆ ಎಲ್ಲವನ್ನೂ ಉಡುಪಿಯ ಒಂದೇ ಸರ್ವರಿಗೆ ತರುವ ಯೋಜನೆ ಹಾಕಿದೆವು. 2024ರ ಫೆಬ್ರವರಿಯಲ್ಲಿ ಅದನ್ನು ನಿರ್ದೇಶಕರ ಮುಂದೆ ಇಟ್ಟವನು ನಾನು. ಇಪ್ಪತ್ತೆರಡು ಸ್ಲೈಡು. ಇಂಗ್ಲಿಷಿನಲ್ಲಿ. ಬಾಣದ ಗುರುತುಗಳು ಹಾರಿ ಬಂದು ಕೂರುತ್ತಿದ್ದವು.

ಹದಿನೇಳನೆಯ ಸ್ಲೈಡಿನಲ್ಲಿ ಐದು ಬುಲೆಟ್ ಇತ್ತು. ನಾಲ್ಕನೆಯದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ ಹೀಗಿತ್ತು (ಕನ್ನಡಕ್ಕೆ ತಂದರೆ): "ಕಾರ್ಕಳ ಸಂಪರ್ಕ – ಮಳೆಗಾಲದಲ್ಲಿ ಸೂಕ್ತ ಗಮನ ಅಗತ್ಯ."

ಈ ಒಂದು ಸಾಲಿನ ಹಿಂದೆ ಏನಿತ್ತು ಅಂತ ನನಗೆ ಗೊತ್ತಿತ್ತು. ಕಾರ್ಕಳಕ್ಕೆ ಬರುವ ಫೈಬರ್ ಕೇಬಲ್ಲು ಕರೆಂಟು ಕಂಬದ ಮೇಲೆಯೇ ಬರುತ್ತದೆ. ಮರ ಬಿದ್ದರೆ ಕರೆಂಟೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಲೆಕ್ಕವೆಲ್ಲ ಉಡುಪಿಯಲ್ಲಿ ಇರುವುದರಿಂದ ನೆಟ್ ಹೋದರೆ ಕಾರ್ಕಳದಲ್ಲಿ ಹತ್ತು ರೂಪಾಯಿಯನ್ನೂ ಕೊಡಲಿಕ್ಕಾಗದು. ಇಷ್ಟನ್ನೂ ನಾನು ಬಾಯಲ್ಲಿ ಹೇಳುವ ಅಂದಾಜಿನಲ್ಲಿದ್ದೆ. ಆದರೆ ಹದಿನೇಳನೇ ಸ್ಲೈಡು ಬರುವಾಗ ಚಹಾ ಬಂತು, ಅಧ್ಯಕ್ಷರಿಗೆ ಬೇರೆ ಸಭೆಗೆ ಹೊತ್ತಾಗಿತ್ತು. "ಕಾರ್ಕಳದ್ದು ಸ್ವಲ್ಪ ನೋಡ್ಬೇಕು ಸರ್" ಅಂದೆ. "ನೋಡಿಕೊಳ್ಳಿ" ಅಂದರು. ಯೋಜನೆ ಮಂಜೂರಾಯಿತು. ನಾವು ಕೈಕುಲುಕಿ, ಗೋಳಿಬಜೆ ತಿಂದು ಬಂದೆವು.

ಯಾರು ನೋಡಿಕೊಳ್ಳುವುದು? ಏನನ್ನು? ಆ ಸಾಲಿನಲ್ಲಿ ಕರ್ತೃವೇ ಇರಲಿಲ್ಲ. ಅವರು ನಾವು ಅಂದುಕೊಂಡರು, ನಾವು ಅವರು ಅಂದುಕೊಂಡೆವು.

*

ಅದೇ ವರ್ಷ ಜುಲೈಯಲ್ಲಿ ಮರ ಬಿತ್ತು. ಕಾರ್ಕಳ ಶಾಖೆಗೆ ಎರಡು ದಿನ ನೆಟ್ ಇರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಒಬ್ಬರು ಹೆಂಗಸು ಬಂದಿದ್ದರಂತೆ. ಗಂಡನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿ ಆಗಿತ್ತು, 15,000 ರೂಪಾಯಿ ಬೇಕಿತ್ತು. ಖಾತೆಯಲ್ಲಿ ಹಣ ಉಂಟು, ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಶಾಖೆಯವರಿಗೆ ಅವರ ಪರಿಚಯವೂ ಉಂಟು. ಕೊಡುವ ಹಾಗಿಲ್ಲ. ಕೊನೆಗೆ ಅವರು ಬಸ್ಸು ಹತ್ತಿ ಉಡುಪಿ ಶಾಖೆಗೆ ಹೋಗಿ ಹಣ ತೆಗೆದರು. ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸು ಹಿರಿಯಡಕ, ಪರ್ಕಳ ದಾಟಿ ಮಣಿಪಾಲದ ಮೇಲೆಯೇ ಹೋಗುವುದು. ಗಂಡ ಮಲಗಿದ್ದ ಆಸ್ಪತ್ರೆಯ ಊರನ್ನು ದಾಟಿಕೊಂಡು ಹೋಗಿ, ಹಣ ಹಿಡಿದುಕೊಂಡು, ಅದೇ ಮಳೆಯಲ್ಲಿ ತಿರುಗಿ ಬಂದರು.

ಶಾಖೆಯ ಮ್ಯಾನೇಜರು ಇದನ್ನು ಫೋನಿನಲ್ಲಿ ಸಿಟ್ಟಿಲ್ಲದೆ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. "ನೀವು ಫೆಬ್ರವರಿಯಲ್ಲೇ ಹೇಳಿದ್ದೀರಂತಲ್ಲ?" ಅಂತ ಮಾತ್ರ ಕೇಳಿದರು. ಹೇಳಿದ್ದೆನಾ ನಾನು?

ಆ ರಾತ್ರಿ ನನಗೆ ನೆನಪಾದದ್ದು ಕಾಲೇಜಿನಲ್ಲಿ ಯಾರೋ ಕಳಿಸಿದ್ದ ಒಂದು ಲೇಖನ. ಕೊಲಂಬಿಯಾ ಬಾಹ್ಯಾಕಾಶ ನೌಕೆ ನಮಗೆಲ್ಲ ಗೊತ್ತು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡದ್ದು 2003ರ ಫೆಬ್ರವರಿ 1ರಂದು. ಹಾರುವಾಗಲೇ ಇಂಧನ ಟ್ಯಾಂಕಿನಿಂದ ಒಂದು ತುಂಡು ನೊರೆ ಕಳಚಿ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಮೇಲೆ ಸುತ್ತುತ್ತಿದ್ದಾಗ ಬೋಯಿಂಗ್ ಎಂಜಿನಿಯರುಗಳು ಲೆಕ್ಕ ಹಾಕಿ ನಾಸಾದವರಿಗೆ ಸ್ಲೈಡು ತೋರಿಸಿದರು. ಎಡ್ವರ್ಡ್ ಟಫ್ಟಿ ಅನ್ನುವವರು ಅದರಲ್ಲಿ ಒಂದು ಸ್ಲೈಡನ್ನು ಹಿಡಿದು ಸಾಲು ಸಾಲಾಗಿ ಬಿಡಿಸಿದ್ದಾರೆ. ಶೀರ್ಷಿಕೆ ನೋಡಿದರೆ ಹೆದರುವುದೇನಿಲ್ಲ ಅನ್ನಿಸುತ್ತದೆ. ಕೆಳಗೆ ಕೆಳಗೆ ಇಳಿದು, ಅತಿ ಸಣ್ಣ ಬುಲೆಟ್ಟಿನಲ್ಲಿ ನಿಜ ಸಂಗತಿ ಇದೆ: ಹಿಂದೆ ಪರೀಕ್ಷೆ ಮಾಡಿದ ನೊರೆಯ ತುಂಡು 3 ಘನ ಇಂಚು, ಈಗ ಬಡಿದದ್ದು 1,920 ಘನ ಇಂಚು. ಅಂದರೆ 640 ಪಟ್ಟು. ಹಳೇ ಪರೀಕ್ಷೆ ಇದಕ್ಕೆ ಅನ್ವಯಿಸುವುದೇ ಇಲ್ಲ ಅಂತ ಒಂದು ಪೂರ್ತಿ ವಾಕ್ಯ ಎಲ್ಲೂ ಇಲ್ಲ. "ಗಣನೀಯ" ಅನ್ನುವ ಅರ್ಥದ ಶಬ್ದ ಮಾತ್ರ ಅದೊಂದೇ ಸ್ಲೈಡಿನಲ್ಲಿ ಐದು ಸಲ ಬರುತ್ತದೆ, ಎಷ್ಟು ಅಂತ ಹೇಳದೆ. ಅಪಘಾತದ ತನಿಖಾ ಮಂಡಳಿಯ ವರದಿಯಲ್ಲಿಯೇ ಟಫ್ಟಿಯವರ ಈ ವಿಶ್ಲೇಷಣೆ ಸೇರಿದೆ.

ಅದಕ್ಕೂ ನನ್ನ ಕಾರ್ಕಳಕ್ಕೂ ಹೋಲಿಕೆ ಮಾಡುವುದು ಅಧಿಕಪ್ರಸಂಗ ಆದೀತು. ಆದರೆ ಅವರ "ಗಣನೀಯ"ವೂ ನನ್ನ "ಸೂಕ್ತ"ವೂ ಒಂದೇ ಜಾತಿಯವು.

*

ಅಕ್ಟೋಬರಿನಲ್ಲಿ ಸಂಘದವರು ಹೇಳಿ ಕಳಿಸಿದರು: ಬರುವ ಮಳೆಗಾಲದ ಮೊದಲು ಇದಕ್ಕೊಂದು ದಾರಿ ಮಾಡಬೇಕು, ನವೆಂಬರ್ ಸಭೆಯಲ್ಲಿ ತೀರ್ಮಾನ. ನಮ್ಮ ಮ್ಯಾನೇಜರು ನನ್ನನ್ನು ಕರೆದು, "ಈ ಸಲ ಪಿಪಿಟಿ ಬೇಡ. ಬರೆದು ಕೊಡುವ. ಅಮೆಜಾನಿನವರು ಮಾಡುವ ಹಾಗೆ" ಅಂದರು.

ಅಮೆಜಾನಿನಲ್ಲಿ ಜೆಫ್ ಬೆಜೋಸ್ 2004ರ ಜೂನಿನಲ್ಲಿ ಹಿರಿಯ ಅಧಿಕಾರಿಗಳ ಸಭೆಗೆ ಪವರ್‌ಪಾಯಿಂಟ್ ಬೇಡ ಅಂತ ಮೇಲ್ ಕಳಿಸಿದ್ದು ಹೆಸರುವಾಸಿ. ಅದರ ಬದಲಿಗೆ ಹೆಚ್ಚೆಂದರೆ ಆರು ಪುಟದ ಬರಹ. ಸಭೆಯ ಶುರುವಿನಲ್ಲಿ ಎಲ್ಲರೂ ಮಾತಾಡದೆ ಕೂತು ಅದನ್ನು ಓದಬೇಕು, ಆಮೇಲೆ ಚರ್ಚೆ.

ಬರೆಯುವುದಾ? ನನಗೆ ಖುಷಿಯೇ ಆಯ್ತು. ಇಷ್ಟು ವರ್ಷ ಬ್ಲಾಗ್ ಬರೆದದ್ದು ಎಲ್ಲಿಗೂ ಹೋಗಲಿಲ್ಲ ಅಂದುಕೊಂಡೆ. ನಾಲ್ಕು ರಾತ್ರಿ ಕೂತು ಒಂಬತ್ತು ಪುಟ ಬರೆದೆ. ಹಳೇ ಪದ್ಧತಿ ಹೇಗಿತ್ತು, ಯಾಕೆ ಬದಲಾಯಿಸಿದೆವು, ಯಾವ ಡೇಟಾಬೇಸು, ಜುಲೈಯಲ್ಲಿ ಏನಾಯಿತು, ನಾವು ಏನೇನು ಯೋಚಿಸಿದೆವು... ಏಳನೇ ಪುಟದಲ್ಲಿ ನಮ್ಮ ಸಲಹೆ.

ಭಾನುವಾರ ಕಾಪುವಿನಲ್ಲಿ ಮಾವನ ಮನೆಗೆ ಹೋಗುವಾಗ ಅದರ ಪ್ರಿಂಟು ತೆಗೆದುಕೊಂಡು ಹೋದೆ. ಮಾವ ಅಂದರೆ ಅಮ್ಮನ ಅಣ್ಣ. ಸಿಂಡಿಕೇಟ್ ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಪ್ರಧಾನ ಕಚೇರಿ ಮಾಡಿಕೊಂಡಿದ್ದ ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಮಾವ ಈಗಲೂ "ನಮ್ಮ ಬ್ಯಾಂಕು" ಅನ್ನುವುದು ಅದಕ್ಕೇ.

ಮಾವ ಕನ್ನಡಕ ಹಾಕಿಕೊಂಡು ಮೂರು ಪುಟ ಓದಿದರು. ನಿಲ್ಲಿಸಿದರು.

"ಎಂತ ಬೇಕು ನಿಂಗೆ ಅವರ ಹತ್ರ?"

"ಅದು ಮುಂದೆ ಬರ್ತದೆ ಮಾವ, ಏಳನೇ ಪುಟದಲ್ಲಿ."

"ಏಳನೇ ಪುಟದವರೆಗೆ ಯಾರು ಬರ್ತಾರೆ ಮಾರಾಯ? ಇದು ನೀನು ಎಂತೆಂತ ಮಾಡಿದ್ದಿ ಅಂತ ಬರೆದದ್ದು. ಅವರಿಗೆ ಬೇಕಾದ್ದು ಅವರೆಂತ ಮಾಡ್ಬೇಕು ಅಂತ."

ಆಮೇಲೆ ಅವರು ಆಫೀಸ್ ನೋಟ್ ಅಂದರೆ ಏನು ಅಂತ ಹೇಳಿದರು. ನನಗೆ ಆಶ್ಚರ್ಯ ಆದದ್ದು ಇಲ್ಲಿಯೇ. ಅಮೆಜಾನಿನವರು ಹೊಸತಾಗಿ ಕಂಡುಹಿಡಿದರು ಅಂತ ನಾವು ಓದುವುದನ್ನು ನಮ್ಮ ಬ್ಯಾಂಕುಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಕಡತದ ಹಸಿರು ಹಾಳೆಯ ಮೇಲೆ ಟಿಪ್ಪಣಿ, ಪ್ಯಾರಾಕ್ಕೊಂದು ನಂಬರು, ಕೊನೆಗೆ ಬರೆದವನ ಶಿಫಾರಸು ಮತ್ತು ಸಹಿ. ಒಪ್ಪದಿದ್ದ ಮೇಲಿನವರು ಅದೇ ಹಾಳೆಯಲ್ಲಿ ಯಾಕೆ ಒಪ್ಪುವುದಿಲ್ಲ ಅಂತ ಬರೆಯಬೇಕು. ಕೆಂಪು ಪಟ್ಟಿಗೆ ಬೈಯುವ ಭರದಲ್ಲಿ ನಾವು ಇದರ ಒಳ್ಳೆಯ ಗುಣವನ್ನೂ ಮರೆತಿದ್ದೇವೆ ಅನ್ನಿಸಿತು.

ಮಾವ ಮೂರು ಮಾತು ಹೇಳಿದರು. ಮೊದಲ ಪ್ಯಾರಾದಲ್ಲೇ ಯಾರು, ಏನು, ಯಾವಾಗಿನ ಒಳಗೆ ತೀರ್ಮಾನಿಸಬೇಕು ಅಂತ ಇರಬೇಕು. ಪ್ಯಾರಾಗಳಿಗೆ ನಂಬರು ಹಾಕಬೇಕು. ಸಭೆಯಲ್ಲಿ "ಪ್ಯಾರಾ ಆರಕ್ಕೆ ನನ್ನ ಒಪ್ಪಿಗೆ ಇಲ್ಲ" ಅಂದರೆ ಎಲ್ಲರ ಕಣ್ಣೂ ಒಂದೇ ಕಡೆ ಹೋಗುತ್ತದೆ. ಕೊನೆಯದು, ಬರೆದವ ತನ್ನ ಶಿಫಾರಸು ಹೇಳಲೇಬೇಕು. "ಎರಡು ದಾರಿ ಉಂಟು, ತಾವೇ ನೋಡಿ ಅಂತ ಬರೆಯುವುದು ಜಾಣತನ ಅಲ್ಲ, ಹೆದರಿಕೆ" ಅಂದರು. ಅತ್ತೆ ನೀರುದೋಸೆ ತಂದಿಡುವ ಹೊತ್ತಿಗೆ ನನ್ನ ಮೊದಲ ನಾಲ್ಕು ಪುಟದ ಮೇಲೆ ಕೆಂಪು ಗೀಟು ಬಿದ್ದಿತ್ತು.

*

ಎರಡನೇ ಸಲ ಬರೆಯುವಾಗ ಮೊದಲ ಪ್ಯಾರಾ ಹೀಗಾಯಿತು:

"1. ಮಳೆಗಾಲದಲ್ಲಿ ಕಾರ್ಕಳ ಶಾಖೆಗೆ ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲೂ ಸದಸ್ಯರಿಗೆ ಹಣ ಕೊಡುವ ವ್ಯವಸ್ಥೆ ಮಾಡಬೇಕೇ, ಮಾಡಿದರೆ ಒಬ್ಬರಿಗೆ ದಿನಕ್ಕೆ ಎಷ್ಟರವರೆಗೆ ಕೊಡಬಹುದು ಎಂಬ ಎರಡು ವಿಷಯಗಳನ್ನು ನಿರ್ದೇಶಕರು ಈ ಸಭೆಯಲ್ಲಿ ತೀರ್ಮಾನಿಸಬೇಕು. ಮಾಡಬೇಕು, 10,000 ರೂಪಾಯಿಯವರೆಗೆ ಕೊಡಬಹುದು ಎಂಬುದು ನಮ್ಮ ಶಿಫಾರಸು. ಜನವರಿಯಲ್ಲಿ ಕೆಲಸ ಶುರುವಾದರೆ ಮಾತ್ರ ಜೂನಿನ ಒಳಗೆ ಮುಗಿಯುತ್ತದೆ."

ಇಷ್ಟು ಓದಿ ಉಳಿದದ್ದನ್ನು ಓದದಿದ್ದವರಿಗೂ ತಾವು ಯಾತಕ್ಕೆ ಕೂತಿದ್ದೇವೆ ಅಂತ ಗೊತ್ತಾಗುತ್ತದೆ. ಉಳಿದದ್ದನ್ನು ಓದುವವರು ಈ ಶಿಫಾರಸು ಸರಿಯಾ ತಪ್ಪಾ ಅಂತ ತೂಗುತ್ತಾ ಓದುತ್ತಾರೆ. ಸ್ಲೈಡಿನಲ್ಲಿ ಕೊನೆಗೆ ಇಟ್ಟು ಕುತೂಹಲ ಹುಟ್ಟಿಸುತ್ತಿದ್ದೆನಲ್ಲ, ಅದು ಪತ್ತೇದಾರಿ ಕಾದಂಬರಿಗೆ ಸರಿ.

ಆಮೇಲಿನ ಪ್ಯಾರಾಗಳಲ್ಲಿ ಈಗಿನ ಸ್ಥಿತಿ. ಇಲ್ಲಿ ನಾನೊಂದು ಆಸೆಗೆ ಬೀಳುತ್ತಿದ್ದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುಮಾರು ನೂರು ಕೆಲಸದ ದಿನ, ದಿನಕ್ಕೆ ಏಳೂವರೆ ಗಂಟೆ, ಒಂದು ಶಾಖೆಗೆ 750 ಗಂಟೆ. ಸರ್ವರಿನ ದಾಖಲೆಯ ಪ್ರಕಾರ ನೆಟ್ ಇಲ್ಲದ್ದು ಉಡುಪಿಯಲ್ಲಿ 2 ಗಂಟೆ, ಕಾಪುವಿನಲ್ಲಿ 6, ಕಾರ್ಕಳದಲ್ಲಿ 31. ಮೂರನ್ನೂ ಸೇರಿಸಿ ಸರಾಸರಿ ತೆಗೆದರೆ "ಶೇಕಡಾ 98ಕ್ಕಿಂತ ಹೆಚ್ಚು ಹೊತ್ತು ಸಂಪರ್ಕ ಇತ್ತು" ಅಂತ ಬರೆಯಬಹುದು. ಸುಳ್ಳಲ್ಲ. ಕೇಳಲಿಕ್ಕೂ ಚಂದ. ಆದರೆ ಆ ಬಸ್ಸು ಹತ್ತಿದ ಹೆಂಗಸು ಸರಾಸರಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಶಾಖೆವಾರು ಬರೆದೆ, ಕಾರ್ಕಳದ 31ರಲ್ಲಿ 15 ಗಂಟೆ ಒಟ್ಟಿಗೇ ಎರಡು ದಿನದಲ್ಲಿ ಬಂತು ಅಂತಲೂ ಬರೆದೆ. ದಿನದಿನದ ಪಟ್ಟಿಯನ್ನು ಕೊನೆಗೆ ಅನುಬಂಧದಲ್ಲಿ ಹಾಕಿದೆ. ಬೇಕಾದವರು ನೋಡಲಿ, ಬೇಡದವರ ಓದಿಗೆ ಅಡ್ಡ ಬಾರದಿರಲಿ.

ಆಮೇಲೆ ದಾರಿಗಳು. ಮೂರನ್ನು ಇಟ್ಟೆ. ಒಂದು, ಇನ್ನೊಂದು ಕಂಪನಿಯ ಎರಡನೇ ಸಂಪರ್ಕ ತೆಗೆದುಕೊಳ್ಳುವುದು. ಇದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ, ಖರ್ಚೂ ಕಡಿಮೆ. ಆದರೆ ಆ ಕೇಬಲ್ಲೂ ಅದೇ ರಸ್ತೆಯ ಕಂಬಗಳ ಮೇಲೆಯೇ ಬರುವುದರಿಂದ ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮೊಬೈಲ್ ನೆಟ್ ಹಾಕಿಕೊಳ್ಳೋಣ ಅಂದರೆ ಕರೆಂಟು ತುಂಬಾ ಹೊತ್ತು ಹೋದಾಗ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಎರಡು, ಶಾಖೆಯಲ್ಲೊಂದು ಸಣ್ಣ ಕಂಪ್ಯೂಟರಿನಲ್ಲಿ ಆ ಶಾಖೆಯ ಖಾತೆಗಳ ಪ್ರತಿ ಇಟ್ಟುಕೊಂಡು, ನೆಟ್ ಇಲ್ಲದಾಗ ಒಂದು ಮಿತಿಯೊಳಗೆ ವ್ಯವಹಾರ ನಡೆಸುವುದು. ನಮ್ಮ ಶಿಫಾರಸು ಇದು. ಮೂರು, ಏನೂ ಮಾಡದಿರುವುದು. ಇದನ್ನೂ ಒಂದು ದಾರಿ ಅಂತಲೇ ಬರೆದು, ಅದರ ಬೆಲೆಯನ್ನೂ ಬರೆದೆ: ಹೋದ ಮಳೆಗಾಲದ ಹಾಗೆಯೇ ಆದರೆ 31 ಗಂಟೆ ಕೌಂಟರು ಮುಚ್ಚಬೇಕು. ಬರೆಯದಿದ್ದರೂ ಸಭೆಯಲ್ಲಿ ಯಾರಾದರೂ ಒಬ್ಬರು "ಈಗ ಬಿಡಿ, ಮುಂದೆ ನೋಡುವ" ಅನ್ನುವವರೇ. ಆ ಮಾತಿಗೂ ಒಂದು ಲೆಕ್ಕ ಎದುರಿಗಿರಲಿ ಅಂತ.

*

ಎರಡನೇ ದಾರಿಯನ್ನು ವಿವರಿಸುವ ಏಳನೇ ಪ್ಯಾರಾದಲ್ಲಿ ನಾನು ಸಿಕ್ಕಿಬಿದ್ದೆ. ಈ ಇಡೀ ವ್ಯವಹಾರದಲ್ಲಿ ನಾನು ಕಲಿತದ್ದು ಅಂತ ಇದ್ದರೆ ಅದು ಇಲ್ಲಿ.

ಸ್ಲೈಡಾಗಿದ್ದರೆ "ಆಫ್‌ಲೈನ್ ವ್ಯವಹಾರ (ಮಿತಿಯೊಂದಿಗೆ)" ಅಂತ ಹಾಕಿ ಮುಂದೆ ಹೋಗುತ್ತಿದ್ದೆ. ಈಗ ವಾಕ್ಯ ಬರೆಯಬೇಕು. ಅಪಾಯ ಏನೆಂದರೆ, ಕಾರ್ಕಳದಲ್ಲಿ ನೆಟ್ ಇಲ್ಲದಾಗ ಒಬ್ಬರೇ ಸದಸ್ಯರ ಹಣವನ್ನು ಕಾರ್ಕಳದಲ್ಲೂ ಉಡುಪಿಯಲ್ಲೂ ಎರಡು ಸಲ ತೆಗೆಯಬಹುದು. ಅದನ್ನು ತಡೆಯಲಿಕ್ಕೆ ನಾವು ಯೋಚಿಸಿದ್ದು ಸುಲಭದ ಉಪಾಯ. ಹೀಗೆ ಬರೆದೆ: "ಕಾರ್ಕಳದ ಸಂಪರ್ಕ ಹೋದಾಗ ಉಡುಪಿಯ ಸರ್ವರು ಕಾರ್ಕಳದ ಪ್ರತಿ ಖಾತೆಯಲ್ಲೂ 10,000 ರೂಪಾಯಿ ತಡೆಹಿಡಿಯುತ್ತದೆ. ಆ ಮೊತ್ತವನ್ನು ಬೇರೆ ಶಾಖೆಯಲ್ಲಿ ತೆಗೆಯಲು ಬಾರದು."

ಓದಿದೆ. "ಹೋದಾಗ" ಅಂದರೆ ಯಾವಾಗ? ಸರ್ವರಿಗೆ ಹೇಗೆ ಗೊತ್ತಾಗುತ್ತದೆ? ಶಾಖೆಯ ಕಂಪ್ಯೂಟರು ಐದು ನಿಮಿಷಕ್ಕೊಮ್ಮೆ ಉಡುಪಿಗೆ ಮಾತಾಡುತ್ತದೆ, ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಒಂದು ಸರದಿ ತಪ್ಪಿದ ಮೇಲೆಯೇ ಉಡುಪಿಗೆ ಗೊತ್ತಾಗುವುದು. ಹತ್ತು ಗಂಟೆಗೆ ನೆಟ್ ಹೋಯಿತು ಅನ್ನಿ. ಹತ್ತು ಗಂಟೆ ಮೂರು ನಿಮಿಷಕ್ಕೆ ಗಂಡ ಉಡುಪಿಯಲ್ಲಿ ಜಂಟಿ ಖಾತೆಯಲ್ಲಿದ್ದ ಅಷ್ಟೂ ಹಣ ತೆಗೆದರು. ಹತ್ತೂ ಐದಕ್ಕೆ ಉಡುಪಿ ತಡೆಹಿಡಿಯಲು ನೋಡಿದರೆ ಖಾತೆಯಲ್ಲಿ ಏನೂ ಇಲ್ಲ. ಹತ್ತೂಕಾಲಿಗೆ ಹೆಂಡತಿ ಕಾರ್ಕಳದಲ್ಲಿ ಬಂದರೆ ಅಲ್ಲಿನ ಪ್ರತಿಯಲ್ಲಿ ಹಣ ಹಾಗೇ ಇದೆ. ಕೊಟ್ಟುಬಿಡುತ್ತಾರೆ!

ನಾವು ನಾಲ್ಕು ಜನ ಎಂಜಿನಿಯರುಗಳು ಎರಡು ತಿಂಗಳು ಬೋರ್ಡಿನ ಮೇಲೆ ಚೌಕ, ಬಾಣ ಬರೆದು ಚರ್ಚಿಸಿದ್ದೆವು. ಚಿತ್ರದಲ್ಲಿ ಆ ಬಾಣಕ್ಕೆ ಕಾಲ ಇರಲಿಲ್ಲ. ವಾಕ್ಯಕ್ಕೆ ಕ್ರಿಯಾಪದ ಬೇಕು, ಕ್ರಿಯಾಪದ ಬಂದ ಕೂಡಲೇ ಯಾರು, ಯಾವಾಗ ಅಂತ ಎರಡು ಪ್ರಶ್ನೆ ಹಿಂದೆಯೇ ಬರುತ್ತದೆ. ಐದು ನಿಮಿಷದ ಈ ತೂತು ಕಂಡದ್ದು ಹಾಗೆ.

ಅದನ್ನು ಪೂರ್ತಿ ಮುಚ್ಚಲಿಕ್ಕೆ ಆಗುವುದಿಲ್ಲ. ಐದನ್ನು ಒಂದು ನಿಮಿಷ ಮಾಡಬಹುದು, ಸೊನ್ನೆ ಮಾಡಲಾಗದು. ಅದಕ್ಕೆ ಅಡಗಿಸುವ ಬದಲು ಹಾಗೆಯೇ ಬರೆದೆ. ಟಿಪ್ಪಣಿಯ ಒಂಬತ್ತನೇ ಪ್ಯಾರಾ ಇದು:

"9. ಈ ವ್ಯವಸ್ಥೆಯಲ್ಲಿ ಎರಡು ಕೊರತೆಗಳಿವೆ. ಸಂಪರ್ಕ ಹೋದ ಮೊದಲ ಐದು ನಿಮಿಷದಲ್ಲಿ ಬೇರೆ ಶಾಖೆಯಲ್ಲಿ ಹಣ ತೆಗೆದರೆ ಅದು ಕಾರ್ಕಳಕ್ಕೆ ತಿಳಿಯುವುದಿಲ್ಲ. ಆಗ ಸಂಘಕ್ಕೆ ಒಂದು ಖಾತೆಯಲ್ಲಿ 10,000 ರೂಪಾಯಿವರೆಗೆ ನಷ್ಟವಾಗಬಹುದು. ಎರಡನೆಯದು, ಈ ಮಿತಿ ಇಟ್ಟರೆ ಜುಲೈಯಲ್ಲಿ ಆಸ್ಪತ್ರೆಯ ಖರ್ಚಿಗೆ 15,000 ರೂಪಾಯಿ ಕೇಳಿ ಬಂದಿದ್ದ ಸದಸ್ಯೆಗೆ ಪೂರ್ತಿ ಹಣ ಸಿಗುತ್ತಿರಲಿಲ್ಲ. ಮಿತಿ ಹೆಚ್ಚಿಸಿದರೆ ಮೊದಲನೇ ಕೊರತೆಯ ನಷ್ಟವೂ ಅಷ್ಟೇ ಹೆಚ್ಚುತ್ತದೆ."

ನಮ್ಮ ಮಾರ್ಕೆಟಿಂಗ್‌ನವರು ಈ ಪ್ಯಾರಾ ಬೇಡವೇ ಬೇಡ ಅಂದರು. ಮ್ಯಾನೇಜರು ಇರಲಿ ಅಂದರು.

ಕಳಿಸುವ ಮೊದಲು ಎರಡು ಪರೀಕ್ಷೆ ಮಾಡಿದೆ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಓದುತ್ತಾ ಹೋದೆ. ಅಷ್ಟರಿಂದಲೇ ವಾದ ಅರ್ಥ ಆಗಬೇಕು. ಎರಡು ಕಡೆ ಆಗಲಿಲ್ಲ, ಪ್ಯಾರಾದ ಮುಖ್ಯ ಮಾತು ಕೊನೆಯಲ್ಲಿ ಅಡಗಿತ್ತು, ಎಳೆದು ಮೇಲೆ ತಂದೆ. ಇನ್ನೊಂದು, "ಸೂಕ್ತ", "ಸಾಕಷ್ಟು", "ಗಮನ", "ಕ್ರಮ" ಅನ್ನುವ ಶಬ್ದಗಳನ್ನು ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು. ಒಂದೊಂದರ ಜಾಗದಲ್ಲೂ ಒಬ್ಬ ಮನುಷ್ಯನೋ ಒಂದು ಅಂಕಿಯೋ ಒಂದು ದಿನಾಂಕವೋ ಬರಬೇಕಾಯಿತು. ಬಾರದೇ ಹೋದ ಕಡೆ ಇಡೀ ವಾಕ್ಯವನ್ನೇ ತೆಗೆದೆ. ಒಂಬತ್ತು ಪುಟ ಮೂರಕ್ಕೆ ಇಳಿದದ್ದರಲ್ಲಿ ಮಾವನ ಕೆಂಪು ಪೆನ್ನಿನ ಪಾಲು ದೊಡ್ಡದು, ಈ ಹುಡುಕಾಟದ್ದೂ ಇದೆ.

*

ಸಭೆ ಸೋಮವಾರ. ಗುರುವಾರವೇ ಪ್ರತಿ ಕಳಿಸಿದ್ದೆ. ಯುನಿಕೋಡಿನಲ್ಲಿ ಬರೆದದ್ದು ಅವರ ಹಳೇ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಕಾಣುವುದು ಬೇಡ ಅಂತ ಪಿಡಿಎಫ್ ಮಾಡಿ, ಒಂಬತ್ತು ಪ್ರತಿ ಪ್ರಿಂಟನ್ನೂ ತೆಗೆದುಕೊಂಡು ಹೋದೆ. ಒಳ್ಳೆಯದೇ ಆಯ್ತು. ಮೊದಲೇ ಓದಿ ಬಂದವರು ಇಬ್ಬರೇ. ನಮ್ಮ ಮ್ಯಾನೇಜರು "ಹದಿನೈದು ನಿಮಿಷ ಎಲ್ಲರೂ ಓದುವ, ಆಮೇಲೆ ಮಾತಾಡುವ" ಅಂದಾಗ ಕೆಲವರು ಮುಖ ಮುಖ ನೋಡಿಕೊಂಡರು. ಆ ಹದಿನೈದು ನಿಮಿಷ ನನಗೆ ಹದಿನೈದು ವರ್ಷ. ಪುಟ ಮಗುಚುವ ಸದ್ದು, ಫ್ಯಾನಿನ ಸದ್ದು. ಯಾರೋ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದಾರೆ, ಯಾವ ಸಾಲಿಗೆ ಅಂತ ಬಗ್ಗಿ ನೋಡುವ ಹಾಗಿಲ್ಲ. ಸ್ಲೈಡು ತೋರಿಸುವಾಗ ಜನರ ಮುಖ ನೋಡಿ ಮಾತು ಬದಲಾಯಿಸಬಹುದು. ಇಲ್ಲಿ ಬರೆದದ್ದು ಬರೆದೇ ಆಯ್ತು.

ಮೊದಲ ಪ್ರಶ್ನೆ ಬಂದದ್ದು ಕಾಪುವಿನ ಒಬ್ಬರು ನಿರ್ದೇಶಕರಿಂದ. ನಿವೃತ್ತ ಶಿಕ್ಷಕರು, ಎಲ್ಲರೂ ಮಾಸ್ಟ್ರೇ ಅಂತಲೇ ಕರೆಯುವುದು. ಫೆಬ್ರವರಿಯ ಇಂಗ್ಲಿಷ್ ಸಭೆಯಲ್ಲಿ ಅವರು ಬಾಯಿ ತೆರೆದದ್ದೇ ನನಗೆ ನೆನಪಿಲ್ಲ.

"ಪ್ಯಾರಾ ಮೂರರಲ್ಲಿ ದಿನಕ್ಕೆ ಏಳೂವರೆ ಗಂಟೆ ಅಂತ ಬರೆದಿದ್ದೀರಿ. ಒಂಬತ್ತೂವರೆಯಿಂದ ಐದು. ಪಿಗ್ಮಿಯವರು ಹಣ ತಂದು ಕಟ್ಟುವುದು ಐದು ಗಂಟೆ ಮೇಲಲ್ವಾ?"

ನನಗೆ ಉತ್ತರ ಇರಲಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿದ್ದು ನಮ್ಮ ಈ ಊರುಗಳಲ್ಲೇ. ದಿನವಿಡೀ ಅಂಗಡಿ ಅಂಗಡಿ ತಿರುಗಿ ಸಂಗ್ರಹಿಸಿದ ಹಣ ಸಂಜೆ ಶಾಖೆಗೆ ಬರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ದಾಖಲೆಯಿಂದ ಅಂಕಿ ತೆಗೆಯುವಾಗ ಕೌಂಟರಿನ ಹೊತ್ತನ್ನು ಮಾತ್ರ ತೆಗೆದಿದ್ದೆ. "ಏಳೂವರೆ ಗಂಟೆ" ಅಂತ ಎದುರಿಗೆ ಬರೆದಿದ್ದರಿಂದ ಮಾಸ್ಟ್ರಿಗೆ ಅದು ಸಿಕ್ಕಿತು. ಬರೀ ಶೇಕಡಾ ಇದ್ದಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ.

ಎರಡು ವಾರದಲ್ಲಿ ಸಂಜೆಯ ಲೆಕ್ಕ ಕೊಡುವುದಾಗಿ ಒಪ್ಪಿದೆ. ಆಮೇಲೆ ತೆಗೆದು ನೋಡಿದರೆ ಕಾರ್ಕಳದಲ್ಲಿ ಐದರಿಂದ ಏಳರ ನಡುವೆ ಇನ್ನೂ 19 ಗಂಟೆ ಸಂಪರ್ಕ ಇರಲಿಲ್ಲ. ಕಾರಣ ಕೇಬಲ್ಲೇ ಅಲ್ಲ. ಹಗಲಿಡೀ ಕರೆಂಟಿಲ್ಲದೆ ಇನ್ವರ್ಟರ್ ಮೇಲೆ ನಡೆದು, ಸಂಜೆ ಹೊತ್ತಿಗೆ ಬ್ಯಾಟರಿ ಮುಗಿದು ರೂಟರು ಆರಿಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಎಂಥ ಉಪಾಯ ಮಾಡಿದರೂ ಅದೂ ಆರಿಹೋಗುತ್ತಿತ್ತು. ಮೊದಲು ಬ್ಯಾಟರಿ ಬದಲಾಯಿಸಬೇಕಿತ್ತು.

ಒಂಬತ್ತನೇ ಪ್ಯಾರಾದ ಮೇಲೆ ಅರ್ಧ ಗಂಟೆ ಮಾತಾಯಿತು. ಇಂಥ ಚರ್ಚೆಗೆ ನಾವು ಫೆಬ್ರವರಿಯಲ್ಲಿ ಜಾಗವನ್ನೇ ಕೊಟ್ಟಿರಲಿಲ್ಲ. ಒಬ್ಬರು ನಷ್ಟದ ಮಾತು ಹಿಡಿದರು, ಇನ್ನೊಬ್ಬರು ಆಸ್ಪತ್ರೆಯ ಮಾತು ಹಿಡಿದರು. ಕೊನೆಗೆ ಕಾರ್ಕಳದ ಶಾಖಾ ಮ್ಯಾನೇಜರು ಹೇಳಿದ ಉಪಾಯ ನಮ್ಮ ನಾಲ್ಕು ಎಂಜಿನಿಯರುಗಳ ತಲೆಗೆ ಬಂದಿರಲಿಲ್ಲ: "ನೆಟ್ ಹೋದ್ರೂ ಎಷ್ಟೋ ಸಲ ಫೋನ್ ಇರ್ತದೆ. ಹತ್ತು ಸಾವಿರಕ್ಕಿಂತ ಮೇಲೆ ಬೇಕಾದ್ರೆ ಉಡುಪಿಗೆ ಫೋನ್ ಮಾಡಿ ಕೇಳ್ತೇವೆ, ಅವರು ಅಲ್ಲಿ ತಡೆಹಿಡಿಯಲಿ, ರಿಜಿಸ್ಟರಿನಲ್ಲಿ ಬರೆದು ಇಬ್ಬರು ಸಹಿ ಹಾಕ್ತೇವೆ." ಹಾಗೆ 10,000ದವರೆಗೆ ನೇರವಾಗಿ, 15,000ದವರೆಗೆ ಫೋನ್ ಮಾಡಿ ಅಂತ ತೀರ್ಮಾನ ಆಯಿತು. ಐದು ನಿಮಿಷದ ತೂತಿನ ಅಪಾಯವನ್ನು ಸಂಘ ಒಪ್ಪಿಕೊಂಡಿದೆ ಅಂತ ಅಧ್ಯಕ್ಷರೇ ಟಿಪ್ಪಣಿಯ ಕೊನೆಯ ಖಾಲಿ ಜಾಗದಲ್ಲಿ ಕೈಯಲ್ಲಿ ಬರೆದು ಸಹಿ ಹಾಕಿದರು. ಕೆಳಗೆ ಯಾವ ಕೆಲಸ ಯಾರದ್ದು, ಯಾವ ತಾರೀಕಿನ ಒಳಗೆ ಅಂತ ಮೂರು ಸಾಲು.

ಎಲ್ಲಾ ಸಭೆಗೂ ಹೀಗೇ ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಹೊಸ ಪರದೆ ಹೇಗೆ ಕಾಣುತ್ತದೆ ಅಂತ ಸಿಬ್ಬಂದಿಗೆ ತೋರಿಸಲಿಕ್ಕೆ ಪ್ರೊಜೆಕ್ಟರೇ ಸರಿ, ಅದನ್ನು ಮೂರು ಪುಟದಲ್ಲಿ ವರ್ಣಿಸಲು ಹೋದರೆ ನಗುತ್ತಾರೆ. ಏನೂ ತೀರ್ಮಾನಿಸಲಿಕ್ಕಿಲ್ಲದ ವಾರದ ಸಭೆಗೂ ಇದು ಬೇಡ. ಬರೆಯಲು ಹೊತ್ತೂ ಬೇಕು. ನನಗೆ ಎಲ್ಲಾ ಸೇರಿ ಎರಡು ವಾರದ ರಾತ್ರಿಗಳು ಹೋದವು.

2025ರ ಮಳೆಗಾಲದಲ್ಲಿ ಕಾರ್ಕಳದಲ್ಲಿ ಒಂದು ದಿನ ಪೂರ್ತಿ ನೆಟ್ ಇರಲಿಲ್ಲ. ಹದಿನಾಲ್ಕು ಜನ ಹಣ ತೆಗೆದರಂತೆ. ಒಬ್ಬರಿಗೆ 15,000 ಬೇಕಿತ್ತು, ಆ ಹೊತ್ತಿಗೆ ಫೋನೂ ಸಿಗದೆ 10,000ಕ್ಕೆ ನಿಲ್ಲಿಸಬೇಕಾಯಿತು. ಸಂಜೆ ಮ್ಯಾನೇಜರು ನನಗೆ ಫೋನ್ ಮಾಡಿ ಇದನ್ನು ಹೇಳಿದರು. ನಾನು ಸಮಜಾಯಿಷಿ ಕೊಡಲು ಬಾಯಿ ತೆರೆಯುವ ಮೊದಲೇ "ಗೊತ್ತುಂಟು, ಪ್ಯಾರಾ ಒಂಬತ್ತು" ಅಂದರು.

ಮಾವನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಟಿಪ್ಪಣಿ ಬರೆಯುವುದೇ ಅದಕ್ಕೆ" ಅಂದು ಪೇಪರು ಓದಲು ಕೂತರು.

ನಿಮ್ಮ ಆಫೀಸುಗಳಲ್ಲಿ ಹೇಗೆ? ಸ್ಲೈಡಾ, ಬರಹವಾ? ಯಾವುದಾದರೂ ಸ್ಲೈಡಿನ ಮೂಲೆಯಲ್ಲಿ ಇಂಥದೊಂದು "ಸೂಕ್ತ" ಕೂತಿದ್ದರೆ ಇವತ್ತೇ ಒಮ್ಮೆ ನೋಡಿಬಿಡಿ.